ನೇಮಕಾತಿಯಿಂದ ಹಿಂದೆ ಸರಿದ ಮೇಲೆ ನನ್ನ ವೈಯಕ್ತಿಕ ಮಾಹಿತಿ ಅಳಿಸಲು ಕೋರಿ ಪತ್ರ

ದಾವಣಗೆರೆ
12 ಮಾರ್ಚ್ 2026

ಇವರಿಂದ,
ಎಚ್. ಎನ್. ಸುಧಾ
ಅಭ್ಯರ್ಥಿ ಸಂಖ್ಯೆ: CAND-20617

ಇವರಿಗೆ,
ಕುಂದುಕೊರತೆ ಅಧಿಕಾರಿಯವರು
ಪ್ರತಿ: ನೇಮಕಾತಿ ವಿಭಾಗದ ಮುಖ್ಯಸ್ಥರು
ನೋಂದಾಯಿತ ಕಚೇರಿ, ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ವಿಷಯ: ಕ್ವಾಲಿಟಿ ಎಂಜಿನಿಯರ್ ಹುದ್ದೆಯ (ಹುದ್ದೆ ಸಂಖ್ಯೆ QE-114) ಅರ್ಜಿ ಹಿಂಪಡೆದಿರುವುದರಿಂದ ನನ್ನ ಎಲ್ಲ ವೈಯಕ್ತಿಕ ಮಾಹಿತಿಯನ್ನು ಅಳಿಸುವ ಬಗ್ಗೆ.

ಉಲ್ಲೇಖ: 1) 16 ಫೆಬ್ರುವರಿ 2026ರ ನನ್ನ ಇಮೇಲ್. 2) 17 ಫೆಬ್ರುವರಿ 2026ರ ತಮ್ಮ ನೇಮಕಾತಿ ವಿಭಾಗದ ಸ್ವೀಕೃತಿ.

ಮಾನ್ಯರೇ,

ಮೇಲಿನ ಹುದ್ದೆಗೆ ಜನವರಿ 8ರಂದು ಅರ್ಜಿ ಹಾಕಿದ್ದೆ. ಆನ್‌ಲೈನ್ ಪರೀಕ್ಷೆ, ವಿಡಿಯೊ ಸಂದರ್ಶನ, ಕಾರ್ಖಾನೆಯಲ್ಲಿ ಮುಖಾಮುಖಿ ಸಂದರ್ಶನ ಮುಗಿದು, ಫೆಬ್ರುವರಿ 3ರಂದು ದಾಖಲೆಗಳನ್ನೂ ಸಲ್ಲಿಸಿದ್ದೆ. ಫೆಬ್ರುವರಿ 16ರಂದು ಅರ್ಜಿ ಹಿಂಪಡೆದೆ. ನೇಮಕಾತಿ ಆದೇಶ ಬಂದಿಲ್ಲ, ಯಾವ ಒಪ್ಪಂದಕ್ಕೂ ಸಹಿ ಆಗಿಲ್ಲ. ಹಾಗಾಗಿ ನನ್ನ ಮಾಹಿತಿ ತಮ್ಮಲ್ಲಿ ಇರಲು ಇದ್ದ ಕಾರಣ ಅಂದೇ ಮುಗಿಯಿತು. ಆ ಮಾಹಿತಿಯನ್ನು ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಈ ಪತ್ರದ ಮೂಲಕ ಲಿಖಿತವಾಗಿ ಹಿಂದಕ್ಕೆ ಪಡೆಯುತ್ತಿದ್ದೇನೆ. ಅದನ್ನು ಪೂರ್ತಿಯಾಗಿ ಅಳಿಸಬೇಕೆಂದು ಕೋರುತ್ತೇನೆ.

ಫೆಬ್ರುವರಿ 17ರ ಸ್ವೀಕೃತಿಯಲ್ಲಿ "ತಮ್ಮ ಪ್ರೊಫೈಲ್ ಅನ್ನು ಮುಚ್ಚಲಾಗಿದೆ" ಎಂದಿದೆ. ಪೋರ್ಟಲ್‌ನಲ್ಲಿ ನೋಡಿದರೆ ಸ್ಥಿತಿ Withdrawn ಎಂದು ಬದಲಾಗಿದೆ, ಅಷ್ಟೇ. ರೆಸ್ಯೂಮೆ ಈಗಲೂ ತೆರೆಯುತ್ತದೆ. ಮಾರ್ಚ್ 9ರಂದು ಬೇರೊಂದು ಹುದ್ದೆಗಾಗಿ ಕನ್ಸಲ್ಟೆನ್ಸಿಯೊಂದರಿಂದ ಕರೆ ಬಂತು. ನನ್ನ ನಿರೀಕ್ಷಿತ ಸಂಬಳದ ಅಂಕಿಯನ್ನು ಅವರೇ ಹೇಳಿದರು. ಆ ಅಂಕಿಯನ್ನು ನಾನು ಬರೆದಿದ್ದು ತಮ್ಮ ಅರ್ಜಿ ನಮೂನೆಯಲ್ಲಿ ಮಾತ್ರ. ಆದ್ದರಿಂದ ಸ್ಥಿತಿ ಬದಲಿಸಿದ್ದನ್ನು ಅಳಿಸಿದ್ದೆಂದು ನಾನು ಒಪ್ಪಲಾರೆ. Withdrawn, Archived, Inactive ಇವೆಲ್ಲ ದಾಖಲೆಯನ್ನು ಹುಡುಕಾಟದ ಪಟ್ಟಿಯಿಂದ ಮರೆಮಾಡಬಹುದು, ದಾಖಲೆ ಮಾತ್ರ ಇದ್ದಲ್ಲೇ ಇರುತ್ತದೆ. ಪೋರ್ಟಲ್‌ನ Delete account ಗುಂಡಿಯನ್ನು ನಾನೇ ಒತ್ತಬೇಕೆಂದು ದಯವಿಟ್ಟು ಸೂಚಿಸಬೇಡಿ. ಅದರಿಂದ ನನ್ನ ಲಾಗಿನ್ ಹೋದರೂ ಎಚ್‌ಆರ್ ಬದಿಯ ಅಭ್ಯರ್ಥಿ ದಾಖಲೆ ಉಳಿದುಬಿಡುವ ಸಾಧ್ಯತೆ ಇದೆ, ಆಮೇಲೆ ಒಳಗೆ ಹೋಗಿ ನೋಡಲು ನನಗೆ ದಾರಿಯೇ ಇರುವುದಿಲ್ಲ.

ತಮ್ಮ ಸಿಬ್ಬಂದಿಗೆ ಹುಡುಕಲು ಅನುಕೂಲವಾಗಲೆಂದು, ನಾನು ಕೊಟ್ಟ ಮತ್ತು ಪ್ರಕ್ರಿಯೆಯಲ್ಲಿ ಹುಟ್ಟಿಕೊಂಡ ಮಾಹಿತಿಯನ್ನು ಇಲ್ಲಿ ಹೇಳುತ್ತೇನೆ. ರೆಸ್ಯೂಮೆಯ ಎರಡು ಆವೃತ್ತಿಗಳು, ಎಸ್ಸೆಸ್ಸೆಲ್ಸಿಯಿಂದ ಬಿ.ಇ.ವರೆಗಿನ ಅಂಕಪಟ್ಟಿಗಳು, ಪ್ಯಾನ್ ಮತ್ತು ಆಧಾರ್ ಪ್ರತಿ, ಹಿಂದಿನ 3 ತಿಂಗಳ ಸಂಬಳ ಚೀಟಿ, ಅದೇ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್‌ನ ಯುಎಎನ್ ಸಂಖ್ಯೆ, ರಕ್ತದ ಗುಂಪು ಮತ್ತು ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ಇರುವ ಆರೋಗ್ಯ ಘೋಷಣೆ, ತಂದೆಯ ಹೆಸರು, ವೈವಾಹಿಕ ಸ್ಥಿತಿ. ಪ್ರಕ್ರಿಯೆಯಲ್ಲಿ ಹುಟ್ಟಿದ್ದು: ಪರೀಕ್ಷೆಯ ಅಂಕಗಳು, ಪರೀಕ್ಷೆಯ ವೇಳೆ ವೆಬ್‌ಕ್ಯಾಮ್ ತೆಗೆದ ಫೋಟೊಗಳು, ವಿಡಿಯೊ ಸಂದರ್ಶನದ ರೆಕಾರ್ಡಿಂಗ್, ಸಂದರ್ಶಕರ ಅಂಕಪಟ್ಟಿ ಹಾಗೂ ಟಿಪ್ಪಣಿಗಳು. ಟಿಪ್ಪಣಿ ಬರೆದವರು ತಮ್ಮವರೇ ಆದರೂ ಅದರಲ್ಲಿರುವುದು ನನ್ನ ಬಗೆಗಿನ ಮಾಹಿತಿ. ಅದನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಇನ್ನೊಂದು ಮುಖ್ಯ ವಿಷಯ. ನನ್ನ ಪರವಾಗಿ ಮಾತನಾಡಬಲ್ಲವರೆಂದು ಹಿಂದಿನ ಕಚೇರಿಯ ಇಬ್ಬರ ಹೆಸರು, ಮೊಬೈಲ್ ಸಂಖ್ಯೆ, ಹುದ್ದೆ ಕೊಟ್ಟಿದ್ದೆ. ಅವರಿಗೆ ತಮ್ಮ ಕಂಪನಿಯೊಡನೆ ಯಾವ ವ್ಯವಹಾರವೂ ಇಲ್ಲ. ಅವರ ವಿವರ ಎಲ್ಲಿದ್ದರೂ ಮೊದಲು ಅದನ್ನು ತೆಗೆಯಿರಿ.

ಇವು ಒಂದೇ ಕಡೆ ಇರುವುದಿಲ್ಲ ಎಂಬುದು ತಮಗೂ ಗೊತ್ತು. ನೇಮಕಾತಿ ತಂತ್ರಾಂಶದಲ್ಲಿ ರೆಸ್ಯೂಮೆಯ ಪಿಡಿಎಫ್ ಒಂದು ಕಡೆ ಇದ್ದರೆ, ಅದರಿಂದ ಹೆಕ್ಕಿದ ಹೆಸರು, ಫೋನ್, ಕೌಶಲ, ಅನುಭವ ಬೇರೆ ಕೋಷ್ಟಕದಲ್ಲಿ ಕೂತಿರುತ್ತವೆ. ಫೈಲ್ ಅಳಿಸಿ ಈ ಕಾಲಂಗಳನ್ನು ಬಿಟ್ಟರೆ ಹುಡುಕಾಟದಲ್ಲಿ ನಾನು ಮತ್ತೆ ಸಿಗುತ್ತೇನೆ. ನನ್ನ ಹೆಸರಿನಲ್ಲಿ ಎರಡು ದಾಖಲೆಗಳಿರುವ ಸಾಧ್ಯತೆಯೂ ಇದೆ. ಪೋರ್ಟಲ್‌ನಲ್ಲಿ ನಾನೇ ಹಾಕಿದ್ದು ಒಂದು, ಅದಕ್ಕೂ ಮೊದಲು ಕನ್ಸಲ್ಟೆನ್ಸಿಯವರು ಹಳೆಯ ಇಮೇಲ್ ವಿಳಾಸದಿಂದ ಏರಿಸಿದ್ದು ಇನ್ನೊಂದು. ಇಮೇಲ್ ಒಂದನ್ನೇ ನಂಬದೆ ಮೊಬೈಲ್ ಸಂಖ್ಯೆಯಿಂದಲೂ ಹುಡುಕಿಸಿ. ತಂತ್ರಾಂಶದ ಹೊರಗೆ ಎಚ್‌ಆರ್‌ನ ಸಾಮೂಹಿಕ ಮೇಲ್‌ಬಾಕ್ಸ್, ಹಂಚಿಕೊಂಡ ಡ್ರೈವ್‌ನ ಎಕ್ಸೆಲ್ ಶೀಟ್‌ಗಳು, ಸಂದರ್ಶನ ಸಮಿತಿಯ ವಾಟ್ಸ್‌ಆಪ್ ಗ್ರೂಪ್, ಸಂದರ್ಶಕರ ಲ್ಯಾಪ್‌ಟಾಪ್‌ನ ಡೌನ್‌ಲೋಡ್ ಫೋಲ್ಡರ್, ಕಾರ್ಖಾನೆಯಲ್ಲಿ ಪ್ರಿಂಟ್ ತೆಗೆದ ಪ್ರತಿಗಳು ಇವೆ. ಹೆಚ್ಚಾಗಿ ಮರೆತುಹೋಗುವುದು ಇವೇ. ನನ್ನ ಆಧಾರ್ ಪ್ರತಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಹೋಗಿದ್ದು ಪೋರ್ಟಲ್‌ಗಲ್ಲ, ಇಮೇಲ್ ಲಗತ್ತಾಗಿ ಆ ಮೇಲ್‌ಬಾಕ್ಸ್‌ಗೆ. ನನಗೆ ಹೆಚ್ಚು ಆತಂಕ ಇರುವುದು ಇವೆರಡರ ಬಗ್ಗೆ.

ಕೆಲಸದ ಕ್ರಮದ ಬಗ್ಗೆ ಒಂದು ಕೋರಿಕೆ. ಮುಖ್ಯ ದಾಖಲೆಯನ್ನು ಕೊನೆಯಲ್ಲಿ ಅಳಿಸಿ. ಆನ್‌ಲೈನ್ ಪರೀಕ್ಷೆ ನಡೆಸಿದ ಸಂಸ್ಥೆ, ಹಿನ್ನೆಲೆ ಪರಿಶೀಲನೆಯ ಏಜೆನ್ಸಿ, ವಿಡಿಯೊ ಸಂದರ್ಶನದ ಸೇವೆ, ಕನ್ಸಲ್ಟೆನ್ಸಿ ಇವರಿಗೆಲ್ಲ ಮೊದಲು ಸೂಚನೆ ಹೋಗಲಿ. ಅಭ್ಯರ್ಥಿ ಸಂಖ್ಯೆ ಮೊದಲೇ ಅಳಿಸಿಹೋದರೆ ಅವರಲ್ಲಿರುವ ಯಾವ ದಾಖಲೆ ನನ್ನದೆಂದು ತಾಳೆ ಹಾಕುವುದು ಕಷ್ಟವಾಗುತ್ತದೆ. ಜೊತೆಗೆ, ಮೇಲ್‌ಬಾಕ್ಸ್ ಅಥವಾ ಜಾಬ್ ಪೋರ್ಟಲ್ ತಂತ್ರಾಂಶಕ್ಕೆ ಜೋಡಣೆಯಾಗಿದ್ದರೆ, ಮೂಲದಲ್ಲಿ ಉಳಿದ ರೆಸ್ಯೂಮೆ ಮುಂದಿನ ಸಿಂಕ್‌ನಲ್ಲಿ ತಾನೇ ವಾಪಸ್ ಬರುತ್ತದೆ. ಬ್ಯಾಕಪ್‌ನಿಂದ ಒಬ್ಬರ ದಾಖಲೆಯನ್ನು ಮಾತ್ರ ಬಿಡಿಸಿ ತೆಗೆಯುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಅದು ತನ್ನ ಆವರ್ತದಲ್ಲಿ ಅಳಿಯಲಿ, ಆದರೆ ಆ ಆವರ್ತ ಎಷ್ಟು ದಿನದ್ದೆಂದು ತಿಳಿಸಿ. ನಡುವೆ ಬ್ಯಾಕಪ್ ಮರಳಿ ತರಬೇಕಾಗಿ ಬಂದರೆ ನನ್ನ ದಾಖಲೆಯನ್ನು ಮತ್ತೆ ಅಳಿಸುವ ವ್ಯವಸ್ಥೆ ಇರಲಿ.

ಉಳಿಸಿಕೊಳ್ಳಲು ನನ್ನ ತಕರಾರಿಲ್ಲದ ಸಂಗತಿಗಳೂ ಇವೆ. ಕಾರ್ಖಾನೆಗೆ ಬಂದು ಹೋದ ಪ್ರಯಾಣ ವೆಚ್ಚವೆಂದು ₹1,840 ನನ್ನ ಖಾತೆಗೆ ಜಮಾ ಮಾಡಿದ್ದೀರಿ. ಕಂಪನಿಗಳ ಕಾಯ್ದೆ 2013ರ ಸೆಕ್ಷನ್ 128ರ ಪ್ರಕಾರ ಲೆಕ್ಕಪುಸ್ತಕ ಮತ್ತು ಅದಕ್ಕೆ ಸಂಬಂಧಿಸಿದ ವೋಚರ್‌ಗಳನ್ನು 8 ಹಣಕಾಸು ವರ್ಷ ಇಡಬೇಕು, ಆ ವೋಚರ್ ಲೆಕ್ಕಪತ್ರ ವಿಭಾಗದಲ್ಲಿ ಇರಲಿ. ಆದರೆ ವೋಚರ್ ಇಡಬೇಕೆಂಬ ಕಾರಣಕ್ಕೆ ರೆಸ್ಯೂಮೆಯನ್ನೂ ಅಂಕಪಟ್ಟಿಯನ್ನೂ ಇಟ್ಟುಕೊಳ್ಳಲು ಬರುವುದಿಲ್ಲ. ಈ ಕೋರಿಕೆ ಬಂದಿದ್ದು, ಇಂಥ ದಿನ ಅಳಿಸಿದ್ದು ಎಂಬ ಒಂದು ಸಾಲಿನ ದಾಖಲೆಗೂ, ಮತ್ತೆ ಸಂಪರ್ಕಿಸಬಾರದವರ ಪಟ್ಟಿಯಲ್ಲಿ ನನ್ನ ಇಮೇಲ್ ವಿಳಾಸ ಒಂದನ್ನೇ ಇಡುವುದಕ್ಕೂ ಒಪ್ಪಿಗೆ ಇದೆ. ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿ ಹಿಂದೆ ಸರಿದರು ಎಂಬ ಹೆಸರಿಲ್ಲದ ಲೆಕ್ಕದಲ್ಲಿ ನಾನೂ ಒಬ್ಬಳಾಗಿ ಉಳಿದರೆ ಅಡ್ಡಿಯಿಲ್ಲ. ಇವಲ್ಲದೆ ಬೇರೆ ಏನನ್ನಾದರೂ ಉಳಿಸಿಕೊಳ್ಳಲೇಬೇಕಿದ್ದರೆ ಯಾವ ಕಾಯ್ದೆ, ಯಾವ ಸೆಕ್ಷನ್, ಎಷ್ಟು ಕಾಲ ಎಂದು ಬರೆದು ತಿಳಿಸಿ. "ಕಂಪನಿಯ ನೀತಿಯಂತೆ" ಎಂಬಷ್ಟೇ ಉತ್ತರ ಸಾಲದು.

ಕಾನೂನಿನ ನೆಲೆ ಹೀಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅಳಿಸುವ ಹಕ್ಕಿಗೆ ಸಂಬಂಧಿಸಿದ ಸೆಕ್ಷನ್‌ಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುತ್ತವೆ. ಆದ್ದರಿಂದ ಆ ಕಾಯ್ದೆಯ ಸೆಕ್ಷನ್ 12ನ್ನು ಇಂದಿನ ಹಕ್ಕೆಂದು ಮುಂದಿಡುತ್ತಿಲ್ಲ. ಆದರೆ ಅಲ್ಲಿಯವರೆಗೆ ಯಾವ ಹೊಣೆಯೂ ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ಎ ಅಡಿಯ 2011ರ ನಿಯಮಗಳು ಈಗಲೂ ಜಾರಿಯಲ್ಲಿವೆ. ಅವುಗಳ ನಿಯಮ 5(4)ರಂತೆ ಸೂಕ್ಷ್ಮ ಮಾಹಿತಿಯನ್ನು ಉದ್ದೇಶ ಮುಗಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. 5(7)ರಂತೆ ಒಪ್ಪಿಗೆಯನ್ನು ಲಿಖಿತವಾಗಿ ಹಿಂಪಡೆಯಬಹುದು. 5(9)ರಂತೆ ಕುಂದುಕೊರತೆ ಅಧಿಕಾರಿಯವರು ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ನನ್ನ ಬ್ಯಾಂಕ್ ವಿವರ ಮತ್ತು ಆರೋಗ್ಯ ಘೋಷಣೆ ಆ ನಿಯಮಗಳ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ನೇರವಾಗಿ ಬರುತ್ತವೆ. ರೆಸ್ಯೂಮೆ ಆ ಪಟ್ಟಿಯಲ್ಲಿಲ್ಲ, ನಿಜ. ಅದಕ್ಕೆ ತಮ್ಮದೇ ಅರ್ಜಿ ನಮೂನೆಯ ಮಾತು ಅನ್ವಯಿಸುತ್ತದೆ: "ಈ ಹುದ್ದೆಯ ಆಯ್ಕೆಗೆ ಮಾತ್ರ ಬಳಸಲಾಗುವುದು" ಎಂಬ ಸಾಲಿನ ಕೆಳಗೆ ನಾನು ಟಿಕ್ ಮಾಡಿದ್ದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹೊಸ ಕಾಯ್ದೆ ಆ ತೀರ್ಪಿನ ಹಾದಿಯಲ್ಲೇ ಬಂದದ್ದು. ಮುಂದಿನ ವರ್ಷ ಹೇಗೂ ಮಾಡಬೇಕಾದ ಕೆಲಸವನ್ನು ಇಂದೇ ಮಾಡಲು ತಮಗೆ ಅಡ್ಡಿ ಇರಲಾರದು ಎಂದು ನಂಬಿದ್ದೇನೆ.

ಗುರುತಿನ ಖಾತ್ರಿಗಾಗಿ ಅರ್ಜಿಯಲ್ಲಿ ನಮೂದಿಸಿದ ಇಮೇಲ್‌ನಿಂದಲೇ ಈ ಪತ್ರ ಕಳುಹಿಸುತ್ತಿದ್ದೇನೆ. ಸಂದೇಹ ಇದ್ದರೆ ತಮ್ಮಲ್ಲಿರುವ ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸಿ. ಅಳಿಸಲು ಕೇಳುತ್ತಿರುವ ಆಧಾರ್ ಪ್ರತಿಯನ್ನು ಮತ್ತೊಮ್ಮೆ ಕೇಳಬೇಡಿ.

ತಮ್ಮಿಂದ ಬಯಸುವುದು ಇಷ್ಟು. ಪತ್ರ ತಲುಪಿದ ಬಗ್ಗೆ 3 ಕೆಲಸದ ದಿನಗಳಲ್ಲಿ ಒಂದು ಸ್ವೀಕೃತಿ, ಅದರ ಜೊತೆಗೇ ನನ್ನ ಮಾಹಿತಿಯ ಬಳಕೆ ಮತ್ತು ಹಂಚಿಕೆಗೆ ತಡೆ. ಏಪ್ರಿಲ್ 11ರೊಳಗೆ ಅಳಿಸುವ ಕೆಲಸ ಮುಗಿದು, ಈ ಕೆಳಗಿನವು ಇರುವ ಲಿಖಿತ ಉತ್ತರ:

1. ಯಾವ ಯಾವ ಕಡೆಯಿಂದ, ಯಾವ ದಿನಾಂಕದಂದು ಅಳಿಸಲಾಗಿದೆ (ತಂತ್ರಾಂಶ, ಮೇಲ್‌ಬಾಕ್ಸ್, ಡ್ರೈವ್, ಕಾಗದದ ಪ್ರತಿ ಬೇರೆ ಬೇರೆಯಾಗಿ).
2. ನನ್ನ ಮಾಹಿತಿ ಹೋದ ಹೊರಗಿನ ಸಂಸ್ಥೆಗಳ ಹೆಸರು, ಅವರಿಂದ ಬಂದ ಅಳಿಸಿದ ದೃಢೀಕರಣ. ಮಾರ್ಚ್ 9ರಂದು ಕರೆ ಮಾಡಿದ ಕನ್ಸಲ್ಟೆನ್ಸಿಗೆ ಮಾಹಿತಿ ಯಾವ ದಿನ, ಯಾರ ಮೂಲಕ ಹೋಯಿತು ಎಂಬುದೂ ಸೇರಿರಲಿ.
3. ಉಳಿಸಿಕೊಂಡಿದ್ದೇನು, ಯಾವ ಕಾನೂನಿನಡಿ, ಯಾವಾಗಿನವರೆಗೆ.
4. ಬ್ಯಾಕಪ್ ಅಳಿಯುವ ಕೊನೆಯ ದಿನಾಂಕ.

ಕೆಲವು ಕಡೆ ತಡವಾಗುವುದಾದರೆ ಎಲ್ಲಕ್ಕೂ ಕಾಯದೆ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆರೋಗ್ಯ ಘೋಷಣೆ ಇವನ್ನು ಮೊದಲ ವಾರದಲ್ಲೇ ತೆಗೆದು ತಿಳಿಸಿ.

ಸಂದರ್ಶನ ನಡೆಸಿದವರು ಸೌಜನ್ಯದಿಂದ ನಡೆದುಕೊಂಡಿದ್ದಾರೆ, ಅವರ ಮೇಲೆ ದೂರಿಲ್ಲ. ಮುಂದೆ ತಮ್ಮಲ್ಲಿ ಬೇರೆ ಹುದ್ದೆಗೆ ಅರ್ಜಿ ಹಾಕುವ ಮನಸ್ಸಾದರೆ ಹೊಸದಾಗಿ ಮಾಹಿತಿ ಕೊಡುತ್ತೇನೆ. ಅದಕ್ಕಾಗಿ ಹಳೆಯದನ್ನು ಕಾಯ್ದಿಡುವ ಅಗತ್ಯವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಎಚ್. ಎನ್. ಸುಧಾ

ಲಗತ್ತು: ಫೆಬ್ರುವರಿ 16ರ ಇಮೇಲ್, ಫೆಬ್ರುವರಿ 17ರ ಸ್ವೀಕೃತಿ, ಪೋರ್ಟಲ್‌ನಲ್ಲಿ ರೆಸ್ಯೂಮೆ ತೆರೆಯುತ್ತಿರುವ ಮಾರ್ಚ್ 11ರ ಸ್ಕ್ರೀನ್‌ಶಾಟ್.