ಓವರ್‌ಟೈಮ್ ಸಹಿತ ಕೂಲಿ ಬಿಲ್ಲಿನ ಜತೆಗಿನ ವಿವರಣಾ ಪತ್ರ

ಬೈಕಂಪಾಡಿ, ಮಂಗಳೂರು
ದಿನಾಂಕ: 28 ಜುಲೈ 2025

ಇವರಿಗೆ,
ಲೆಕ್ಕಪತ್ರ ವಿಭಾಗದ ವ್ಯವಸ್ಥಾಪಕರು,
ಮಂಜುಗಡ್ಡೆ ಘಟಕ, ಮಲ್ಪೆ ಬಂದರು, ಉಡುಪಿ

ವಿಷಯ: ಬಿಲ್ ಸಂಖ್ಯೆ 47/2025-26, ಮೊತ್ತ ರೂ. 99,663, ವರ್ಕ್ ಆರ್ಡರ್ ಸಂಖ್ಯೆ 112, ದಿನಾಂಕ 7 ಜುಲೈ 2025.

ಮಾನ್ಯರೇ,

ತಮ್ಮ ಘಟಕದ ಅಮೋನಿಯಾ ಕಂಪ್ರೆಸರ್ ಮತ್ತು ಕಂಡೆನ್ಸರ್ ದುರಸ್ತಿಗಾಗಿ ಜುಲೈ 14ರಿಂದ 26ರವರೆಗೆ ನಮ್ಮ ಕೆಲಸಗಾರರು ದುಡಿದ ಗಂಟೆಗಳ ಬಿಲ್ಲನ್ನೂ, ತಮ್ಮ ಮೇಲ್ವಿಚಾರಕರು ದಿನದಿನವೂ ಸಹಿ ಮಾಡಿದ ಟೈಮ್‌ಶೀಟ್‌ಗಳನ್ನೂ ಇದರೊಂದಿಗೆ ಸಲ್ಲಿಸಿದ್ದೇನೆ. ಬಿಡಿಭಾಗಗಳ ಬಿಲ್ ಬೇರೆಯಾಗಿದ್ದು, ಇದರಲ್ಲಿ ಕೂಲಿ ಮಾತ್ರ ಇದೆ.

ವರ್ಕ್ ಆರ್ಡರಿನಂತೆ ಗಂಟೆಗೆ ಫಿಟ್ಟರ್‌ಗೆ ರೂ. 240, ವೆಲ್ಡರ್‌ಗೆ ರೂ. 260, ಹೆಲ್ಪರ್‌ಗೆ ರೂ. 130 ದರವಿದೆ. ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗೆ, ಊಟದ ಒಂದು ಗಂಟೆ ಕಳೆದು, ದಿನಕ್ಕೆ 8 ಗಂಟೆ ಸಾಮಾನ್ಯ ಕೆಲಸ. ಭಾನುವಾರ, 20ರಂದು, ಕೆಲಸ ನಡೆದಿಲ್ಲ. ಫಿಟ್ಟರ್ 12 ದಿನವೂ ಬಂದಿದ್ದು, 96 ಗಂಟೆಗೆ ರೂ. 23,040 ಆಗುತ್ತದೆ. ವೆಲ್ಡರ್ 19ರಿಂದ 7 ದಿನ ಮಾತ್ರ ಬಂದಿದ್ದರಿಂದ 56 ಗಂಟೆಗೆ ರೂ. 14,560. ಇಬ್ಬರು ಹೆಲ್ಪರ್‌ಗಳಲ್ಲಿ ಒಬ್ಬರು 96 ಗಂಟೆ ದುಡಿದಿದ್ದು, ಇನ್ನೊಬ್ಬರು 18ರಂದು ರಜೆಯಲ್ಲಿದ್ದ ಕಾರಣ 88 ಗಂಟೆ ದುಡಿದಿದ್ದಾರೆ. ಒಟ್ಟು 184 ಗಂಟೆಗೆ ರೂ. 23,920. ಹೀಗೆ ಸಾಮಾನ್ಯ ಕೂಲಿ ರೂ. 61,520.

ಓವರ್‌ಟೈಮ್ ಭಾಗವನ್ನು ಸ್ವಲ್ಪ ವಿವರವಾಗಿಯೇ ತಿಳಿಸಬೇಕಾಗಿದೆ. ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುವುದರಿಂದ, ಆಗಸ್ಟ್ 1ರಂದು ಕಡಲಿಗಿಳಿಯುವ ದೋಣಿಗಳಿಗೆ ಮಂಜುಗಡ್ಡೆ ಸಿದ್ಧವಿರಬೇಕೆಂದು 26ರೊಳಗೆ ಕೆಲಸ ಮುಗಿಸಲು ತಾವು ಸೂಚಿಸಿದ್ದಿರಿ. 18ರಂದು ಬಿಚ್ಚಿದ ಕಂಪ್ರೆಸರನ್ನು ಈ ಮಳೆಗಾಲದ ತೇವದಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಒಳಭಾಗಕ್ಕೆ ತುಕ್ಕು ಹಿಡಿಯುವ ಭಯವಿದ್ದುದರಿಂದ, ಫಿಟ್ಟರ್ ಮತ್ತು ಒಬ್ಬ ಹೆಲ್ಪರ್ 4 ಗಂಟೆ ಹೆಚ್ಚು ನಿಂತು ಅದನ್ನು ಜೋಡಿಸಿ ಮುಚ್ಚಿದರು. ಒತ್ತಡ ಪರೀಕ್ಷೆಯಲ್ಲಿ ಕಂಡೆನ್ಸರ್ ಪೈಪುಗಳ ಸೋರಿಕೆ ಕಂಡುಬಂದ ಮೇಲೆ 22ರಂದು 3, 23ರಂದು 5, 24ರಂದು 3.5 ಗಂಟೆ ನಾಲ್ವರೂ ದುಡಿದರು. 25ರಂದು ಅಮೋನಿಯಾ ತುಂಬಿ ಪ್ರಾಯೋಗಿಕವಾಗಿ ಓಡಿಸಲು ವೆಲ್ಡರ್ ಹೊರತು ಉಳಿದ ಮೂವರಿಗೆ 2.5 ಗಂಟೆ ಬೇಕಾಯಿತು.

ಈ ಗಂಟೆಗಳಿಗೆ ವರ್ಕ್ ಆರ್ಡರಿನಲ್ಲಿ ಒಪ್ಪಿದಂತೆ ಸಾಮಾನ್ಯ ದರದ ಎರಡರಷ್ಟನ್ನು ಹಾಕಲಾಗಿದೆ. 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮು ಹೆಚ್ಚುವರಿ ದುಡಿಮೆಗೆ ಹೇಳುವ ಪ್ರಮಾಣವೂ ಅದೇ. ಎರಡರಷ್ಟು ಎಂದರೆ ಮೂಲ ದರವೂ ಸೇರಿದ ಮೊತ್ತ. ಈ ಗಂಟೆಗಳು ಮೇಲಿನ ಸಾಮಾನ್ಯ ಗಂಟೆಗಳಲ್ಲಿ ಮತ್ತೆ ಎಣಿಕೆಯಾಗಿಲ್ಲ. ಫಿಟ್ಟರ್‌ನ 18 ಗಂಟೆಗೆ ರೂ. 480ರಂತೆ 8,640, ವೆಲ್ಡರ್‌ನ 11.5 ಗಂಟೆಗೆ ರೂ. 520ರಂತೆ 5,980, ಹೆಲ್ಪರ್‌ಗಳ ಒಟ್ಟು 32 ಗಂಟೆಗೆ (18 ಮತ್ತು 14) ರೂ. 260ರಂತೆ 8,320 ಸೇರಿ ಓವರ್‌ಟೈಮ್ ರೂ. 22,940.

ಗೇಟ್ ರಿಜಿಸ್ಟರಿನೊಂದಿಗೆ ತಾಳೆ ನೋಡುವಾಗ ಒಂದು ವ್ಯತ್ಯಾಸ ಕಾಣುವುದು. 23ರಂದು ನಮ್ಮವರು ಹೊರಬಿದ್ದದ್ದು ರಾತ್ರಿ 12.30ಕ್ಕೆ, ಅಂದರೆ 7 ಗಂಟೆ ಹೆಚ್ಚು. ಅದರಲ್ಲಿ ರಾತ್ರಿ 8.40ರಿಂದ 10.40ರವರೆಗೆ ವಿದ್ಯುತ್ ಇಲ್ಲದೆ ವೆಲ್ಡಿಂಗ್ ನಿಂತಿತ್ತು. ಆ ಎರಡು ಗಂಟೆಯ ಕೂಲಿಯನ್ನು ಕೆಲಸಗಾರರಿಗೆ ನಾನೇ ಕೊಟ್ಟಿದ್ದೇನೆ. ವರ್ಕ್ ಆರ್ಡರಿನಲ್ಲಿ ಕಾಯುವ ಸಮಯಕ್ಕೆ ದರವಿಲ್ಲದ ಕಾರಣ ಅದನ್ನು ಬಿಲ್ಲಿಗೆ ಸೇರಿಸುವುದು ಸರಿಯೆನಿಸಲಿಲ್ಲ. ಅಲ್ಲದೆ, 24ರ ಟೈಮ್‌ಶೀಟಿನಲ್ಲಿ ಎರಡನೇ ಹೆಲ್ಪರ್‌ನ ಹೆಸರಿನ ಮುಂದೆ ಮೊದಲು 4.5 ಎಂದು ಬರೆದದ್ದು ನಮ್ಮವರ ತಪ್ಪು. ಅದನ್ನು 3.5 ಎಂದು ತಿದ್ದಿದಲ್ಲಿ ತಮ್ಮ ಮೇಲ್ವಿಚಾರಕರ ಸಹಿಯಿದೆ.

ಸಾಮಾನ್ಯ ಕೂಲಿ ಮತ್ತು ಓವರ್‌ಟೈಮ್ ಕೂಡಿದರೆ ರೂ. 84,460. ಇದಕ್ಕೆ ಶೇ. 18ರಂತೆ ಜಿಎಸ್‌ಟಿ ರೂ. 15,202.80 ಆಗುತ್ತದೆ; ಕೇಂದ್ರ ಮತ್ತು ರಾಜ್ಯದ ಪಾಲು ತಲಾ ರೂ. 7,601.40. ಒಟ್ಟು ರೂ. 99,662.80 ಆಗಿದ್ದು, ಪೂರ್ಣ ರೂಪಾಯಿಗೆ ಸರಿಪಡಿಸಿ ರೂ. 99,663 ಎಂದು ಬಿಲ್ ಮಾಡಲಾಗಿದೆ. ನಮ್ಮದು ಒಬ್ಬರೇ ಮಾಲೀಕರ ಸಂಸ್ಥೆಯಾದ್ದರಿಂದ ಟಿಡಿಎಸ್ ಶೇ. 1ರಂತೆ, ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ, ರೂ. 845 ಕಡಿತವಾಗಬೇಕು. ಕೈಗೆ ಬರಬೇಕಾದದ್ದು ರೂ. 98,818.

ಒಪ್ಪಂದದಂತೆ 15 ದಿನಗಳೊಳಗೆ, ಅಂದರೆ ಆಗಸ್ಟ್ 12ರೊಳಗೆ, ಈ ಮೊತ್ತವನ್ನು ಬಿಲ್ಲಿನಲ್ಲಿರುವ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಯಾವುದೇ ದಿನದ ಗಂಟೆಯ ಬಗ್ಗೆ ಸಂಶಯವಿದ್ದರೆ ಆ ದಿನಾಂಕವನ್ನಷ್ಟೇ ತಿಳಿಸಿದರೆ ಸಾಕು, ಮೂಲ ಟೈಮ್‌ಶೀಟ್ ಪುಸ್ತಕದೊಂದಿಗೆ ನಾನೇ ಮಲ್ಪೆಗೆ ಬಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಮಾಲೀಕರು, ಯಂತ್ರ ದುರಸ್ತಿ ಗುತ್ತಿಗೆದಾರರು

ಲಗತ್ತು: ಬಿಲ್, 12 ದಿನಗಳ ಟೈಮ್‌ಶೀಟ್‌ಗಳು, ವರ್ಕ್ ಆರ್ಡರಿನ ಪ್ರತಿ.