ಮನೆಮಾತಿನ ಬೋಧನೆ ಮತ್ತು ಆರಂಭಿಕ ಓದು: ಕೊಡಗಿನ ಕಿರಿಯ ಪ್ರಾಥಮಿಕ ಶಾಲೆಗಳ ಹಿನ್ನೆಲೆಯಲ್ಲಿ ಪೂರ್ವ ಅಧ್ಯಯನಗಳ ಪರಿಶೀಲನೆ

ಕರ್ನಾಟಕದಲ್ಲಿ ಕನ್ನಡ ಮಾಧ್ಯಮವನ್ನು ಮಾತೃಭಾಷಾ ಮಾಧ್ಯಮವೆಂದೇ ಕರೆಯುವುದು ವಾಡಿಕೆ. ಕೊಡಗಿನಲ್ಲಿ ಈ ವಾಡಿಕೆ ಸಾಲದು. ಇಲ್ಲಿನ ಒಂದನೇ ತರಗತಿಯಲ್ಲಿ ಕೂತ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ ನುಡಿ, ಮಲಯಾಳಂ, ತುಳು ಅಥವಾ ತಮಿಳು ಆಗಿರಬಹುದು. ತೋಟದ ಲೈನ್ ಮನೆಗಳಿಂದ ಬರುವ ವಲಸೆ ಕಾರ್ಮಿಕರ ಮಕ್ಕಳದ್ದು ಇನ್ನೂ ಬೇರೆ ಮಾತು. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂದಷ್ಟೇ ಕೇಳಿದರೆ ಈ ಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಾರೆ. ಅದಕ್ಕಾಗಿ ಇಲ್ಲಿ ‘ಮನೆಮಾತು’ ಎಂಬ ಪದವನ್ನೇ ಬಳಸಿದ್ದೇನೆ.

ಮಗುವಿಗೆ ಅದರ ತಾಯಿನುಡಿಯಲ್ಲೇ ಕಲಿಸಬೇಕೆಂದು ಯುನೆಸ್ಕೋ ವರದಿ 1953ರಲ್ಲೇ ಹೇಳಿತ್ತು. ಆದರೆ ಅದು ತಜ್ಞರ ಅಭಿಪ್ರಾಯ, ಅಳತೆಯ ಫಲಿತಾಂಶವಲ್ಲ. ಅಳತೆಗೆ ಒಂದು ಚೌಕಟ್ಟು ಕೊಟ್ಟವರು ಗಫ್ ಮತ್ತು ಟನ್ಮರ್ (1986). ಅವರ ಪ್ರಕಾರ ಓದಿ ಅರ್ಥಮಾಡಿಕೊಳ್ಳುವುದು ಅಕ್ಷರ ಬಿಡಿಸುವ ಶಕ್ತಿ ಹಾಗೂ ಕೇಳಿ ಗ್ರಹಿಸುವ ಶಕ್ತಿಗಳ ಗುಣಲಬ್ಧ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಎರವ ಮಗು ಪಾಠದ ಸಾಲನ್ನು ತಡವರಿಸದೆ ಓದಿಯೂ ಪ್ರಶ್ನೆಗೆ ಸುಮ್ಮನಿದ್ದರೆ, ಅಕ್ಷರ ತಿದ್ದಿಸುವುದರಿಂದ ಆ ಮೌನ ಕಳೆಯುವುದಿಲ್ಲ. ಕೊರತೆ ಇರುವುದು ಎರಡನೆಯ ಶಕ್ತಿಯಲ್ಲಿ.

ಪೋಷಕರನ್ನು ಹೆಚ್ಚು ಕಾಡುವ ಪ್ರಶ್ನೆ, ಮನೆಮಾತಿನಲ್ಲಿ ಕಲಿತರೆ ಮುಂದೆ ಇಂಗ್ಲಿಷ್ ಹಿಂದುಳಿಯುವುದೇ ಎಂಬುದು. ಇದಕ್ಕೆ ಗಟ್ಟಿಯಾದ ಉತ್ತರ ದಕ್ಷಿಣ ಆಫ್ರಿಕಾದಿಂದ ಬಂದಿದೆ. ಟೇಲರ್ ಮತ್ತು ವಾನ್ ಫಿಂಟೆಲ್ (2016) ಮೊದಲ ಮೂರು ವರ್ಷ ಮಾತೃಭಾಷೆಯಲ್ಲಿ ಕಲಿತವರನ್ನೂ ಇಂಗ್ಲಿಷಿನಲ್ಲಿ ಕಲಿತವರನ್ನೂ ಹೋಲಿಸಿದರು. ಮೇಲುನೋಟಕ್ಕೆ ಇಂಗ್ಲಿಷ್ ಶಾಲೆಗಳೇ ಮುಂದಿದ್ದವು. ಆ ಶಾಲೆಗಳ ಅನುಕೂಲಗಳೇ ಬೇರೆ. ಶಾಲೆ ಶಾಲೆಗಳ ನಡುವಿನ ಆ ಅಂತರವನ್ನು ಲೆಕ್ಕದಿಂದ ಕಳೆದಾಗ ಚಿತ್ರ ತಿರುಗಿತು. ನಾಲ್ಕರಿಂದ ಆರನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲೇ ಮಾತೃಭಾಷೆಯಲ್ಲಿ ಆರಂಭಿಸಿದವರಿಗೆ ಲಾಭ ಕಂಡಿತು. ಶುಲ್ಕ ಕಟ್ಟಿಸಿಕೊಳ್ಳುವ ಶಾಲೆಯ ಮಕ್ಕಳನ್ನೂ ಹಾಡಿಯ ಪಕ್ಕದ ಆಶ್ರಮ ಶಾಲೆಯ ಮಕ್ಕಳನ್ನೂ ನೇರವಾಗಿ ಹೋಲಿಸಿ ‘ಮಾಧ್ಯಮದ ಪರಿಣಾಮ’ ಎನ್ನುವವರು ಈ ಅಧ್ಯಯನವನ್ನು ಓದಲೇಬೇಕು.

ಎಲ್ಲ ಪುರಾವೆಯೂ ಇಷ್ಟು ಅನುಕೂಲಕರವಾಗಿಲ್ಲ. ಕೀನ್ಯಾದಲ್ಲಿ ಪೈಪರ್ ಮತ್ತು ಸಂಗಡಿಗರು (2016, 2018) ಉತ್ತಮ ಪಠ್ಯ ಮತ್ತು ಶಿಕ್ಷಕ ತರಬೇತಿ ಪಡೆದ ಶಾಲೆಗಳ ಜೊತೆಗೆ, ಅದೇ ಸವಲತ್ತಿನೊಂದಿಗೆ ಮಾತೃಭಾಷೆಯನ್ನೂ ಸೇರಿಸಿದ ಶಾಲೆಗಳನ್ನು ಹೋಲಿಸಿದರು. ಮಾತೃಭಾಷೆಯ ಓದು ಸುಧಾರಿಸಿತು. ಇಂಗ್ಲಿಷ್, ಕಿಸ್ವಾಹಿಲಿಗಳಲ್ಲಿ ಹೆಚ್ಚುವರಿ ಲಾಭ ಸಿಗಲಿಲ್ಲ, ಗಣಿತದ ಅಂಕವಂತೂ ಕಡಿಮೆಯಾಯಿತು. ಕ್ಯಾಮರೂನಿನ ಕೋಮ್ ಭಾಷೆಯ ಪ್ರಯೋಗದಲ್ಲಿ (ಲೈಟಿನ್ ಮತ್ತು ಇತರರು, 2019) ಮೂರನೇ ತರಗತಿಯವರೆಗೆ ಕಂಡ ಲಾಭ, ಬೋಧನೆ ಇಂಗ್ಲಿಷಿಗೆ ಬದಲಾದ ಮೇಲೆ ಐದನೆಯ ಹೊತ್ತಿಗೆ ಸಾಕಷ್ಟು ಕುಗ್ಗಿತ್ತು. ನನ್ನ ದೃಷ್ಟಿಯಲ್ಲಿ ಇವು ಮಾತೃಭಾಷೆಯ ವಿರುದ್ಧದ ಸಾಕ್ಷ್ಯಗಳಲ್ಲ. ಆ ಭಾಷೆ ಬಲ್ಲ ಶಿಕ್ಷಕರು, ಪುಸ್ತಕ, ಸಾಕಷ್ಟು ವರ್ಷ ಇವಿಲ್ಲದೆ ಮಾಧ್ಯಮವನ್ನಷ್ಟೇ ಬದಲಿಸಿದರೆ ಸಾಲದೆಂಬ ಎಚ್ಚರಿಕೆಯಾಗಿ ಇವನ್ನು ಓದುತ್ತೇನೆ.

ಮೇಲಿನ ಅಧ್ಯಯನಗಳೆಲ್ಲ ರೋಮನ್ ಲಿಪಿಯ ಭಾಷೆಗಳವು. ಕನ್ನಡದ ಓದಿನ ದಾರಿ ಬೇರೆ. ಸೋನಾಲಿ ನಾಗ್ (2007) ಕನ್ನಡ ಓದುವ ಮಕ್ಕಳನ್ನು ಗಮನಿಸಿ ತೋರಿಸಿದ್ದೇನೆಂದರೆ, ಅಕ್ಷರ ಕಲಿಕೆ ಮೊದಲ ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಒಂದು ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆ. ಕಾಗುಣಿತ, ಒತ್ತಕ್ಷರ ಸೇರಿ ನಾನೂರಕ್ಕೂ ಹೆಚ್ಚು ರೂಪಗಳನ್ನು ಗುರುತಿಸಬೇಕಾದ ಮಗುವಿಗೆ ಪದದ ಅರ್ಥವೂ ಹೊಸತಾದರೆ ಹೊರೆ ಇಮ್ಮಡಿ. ಕೊಡವ ತಕ್ಕ್‌ಗೂ ಸಾಮಾನ್ಯವಾಗಿ ಕನ್ನಡ ಲಿಪಿಯನ್ನೇ ಬಳಸುವುದರಿಂದ, ಆ ಮಾತಿನ ಪರಿಚಿತ ಪದಗಳಲ್ಲಿ ಕಲಿತ ಅಕ್ಷರ ಕನ್ನಡದ ಓದಿಗೂ ಒದಗಬೇಕು ಎಂಬುದು ನಾನು ಕೈಗೊಂಡಿರುವ ಈ ಅಧ್ಯಯನದ ಊಹೆ. ಒಂದು ಭಾಷೆಯ ಓದಿನ ಕೌಶಲ ಇನ್ನೊಂದಕ್ಕೆ ದಾಟುತ್ತದೆ ಎಂಬ ಕಮಿನ್ಸ್ (1979) ವಾದವೂ ಇದಕ್ಕೆ ಬೆಂಬಲವಾಗಿದೆ. ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿ ಗುರುತಿಸದ ಕೆಲವು ಸ್ವರಗಳಿವೆ ಎಂಬುದನ್ನು ಪರೀಕ್ಷಾ ಪದಗಳನ್ನು ಆರಿಸುವಾಗ ಮರೆಯುವಂತಿಲ್ಲ.

ನೀತಿಯ ಮಟ್ಟದಲ್ಲಿ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಕೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದೆಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತನ್ನು ಸೂಚಿಸುತ್ತದೆ. ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಆದ್ದರಿಂದ ಪೋಷಕರ ಒಪ್ಪಿಗೆ ಗಳಿಸದೆ ಇಲ್ಲಿ ಯಾವ ಯೋಜನೆಯೂ ನಿಲ್ಲದು.

ಇಲ್ಲಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಒಂದೂ ಕೊಡಗಿನದ್ದಲ್ಲ. ಹಲವು ಮನೆಮಾತುಗಳು ಒಂದೇ ಕೋಣೆಯಲ್ಲಿ ಸೇರುವ ಊರಿನಲ್ಲಿ ಪ್ರತಿ ಮಾತಿಗೂ ಪ್ರತ್ಯೇಕ ಮಾಧ್ಯಮ ಕಷ್ಟ. ಮನೆಮಾತಿನಲ್ಲಿ ಕಥೆ ಕೇಳಿ, ಮಾತಾಡಿ, ಆಮೇಲೆ ಕನ್ನಡದ ಓದಿಗೆ ದಾಟಿಸುವ ಕ್ರಮ ಸಾಧ್ಯ. ಹೀಗಾಗಿ ಪೊನ್ನಂಪೇಟೆ ತಾಲ್ಲೂಕಿನ ಎರಡನೇ ತರಗತಿಗಳಲ್ಲಿ ಅಕ್ಷರ ಗುರುತು, ನಿಮಿಷಕ್ಕೆ ಓದಿದ ಪದ, ಓದಿನ ಗ್ರಹಿಕೆ ಇವುಗಳ ಜೊತೆಗೆ ಕನ್ನಡದಲ್ಲೂ ಮನೆಮಾತಿನಲ್ಲೂ ಕೇಳಿ ಗ್ರಹಿಸುವ ಶಕ್ತಿಯನ್ನು ಈ ಅಧ್ಯಯನ ಬೇರೆಬೇರೆಯಾಗಿ ಅಳೆಯುತ್ತದೆ.