ಬುಧವಾರ 11:20ಕ್ಕೆ ಅಮ್ಮನವರ ವಿಡಿಯೋ ಕನ್ಸಲ್ಟೇಶನ್: ದಯವಿಟ್ಟು ಪೂರ್ತಿ ಓದಿ

ನಮಸ್ಕಾರ ಸರ್, ಶಿವಮೊಗ್ಗದ ಶುಗರ್ ಕ್ಲಿನಿಕ್‌ನಿಂದ ಸಿಸ್ಟರ್ ಬರೆಯುತ್ತಿದ್ದೇನೆ. ನಿಮ್ಮ ತಾಯಿಯವರ ಫಾಲೋಅಪ್ ಜುಲೈ 15, ಬುಧವಾರ ಬೆಳಗ್ಗೆ 11:20ಕ್ಕೆ ಇದೆ. ಈ ಮಳೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಅವರನ್ನು ಕರೆದುಕೊಂಡು ಬರುವುದು ಬೇಡ, ಡಾಕ್ಟರ್ ಮೇಡಂ ವಿಡಿಯೋದಲ್ಲೇ ನೋಡುತ್ತಾರೆ. ಫೀಸ್ ಬುಕ್ ಮಾಡುವಾಗಲೇ ಕಟ್ಟಿದ್ದೀರಿ, ಇನ್ನೇನೂ ಕಟ್ಟಬೇಕಿಲ್ಲ. ಕ್ಲಿನಿಕ್ ಹೆಸರು ಹೇಳಿ ಯಾರಾದರೂ ಓಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ, ನಾವು ಕೇಳುವುದೇ ಇಲ್ಲ.

11:10ಕ್ಕೇ ಸೇರಿಕೊಳ್ಳಿ. 10:45ಕ್ಕೆ ಇದೇ ನಂಬರ್‌ನಿಂದ ಒಂದು ಲಿಂಕ್ ಬರುತ್ತದೆ. ಅದನ್ನು ಒತ್ತಿದರೆ ಕ್ರೋಮ್‌ನಲ್ಲಿ ತೆರೆದುಕೊಳ್ಳುತ್ತದೆ, ಆಪ್ ಏನೂ ಹಾಕಿಕೊಳ್ಳಬೇಕಿಲ್ಲ. ಕ್ಯಾಮೆರಾ, ಮೈಕ್ ಕೇಳಿದಾಗ Allow ಒತ್ತಿ. ಅಲ್ಲಿ ಮೊದಲು ನಾನು ಸಿಗುತ್ತೇನೆ. ಹೆಸರು, ವಯಸ್ಸು, ಊರು ಕೇಳುತ್ತೇನೆ, ಇಷ್ಟು ಸಲ ಬಂದವರಿಗೂ ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಮುಂಚಿನ ಪೇಶೆಂಟ್‌ಗೆ ಹೊತ್ತಾದರೆ ನಿಮ್ಮದೂ ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು, ಆದರೆ ಲಿಂಕ್ ಮುಚ್ಚಬೇಡಿ. ಬೆಂಗಳೂರಿನ ನಿಮ್ಮ ತಮ್ಮನಿಗೆ ಸೇರಬೇಕೆಂದಿದ್ದರೆ ಅಮ್ಮನವರನ್ನು ಒಂದು ಮಾತು ಕೇಳಿ, ಅವರು ಹೂಂ ಅಂದರೆ ಅದೇ ಲಿಂಕ್ ಅವರೊಬ್ಬರಿಗೆ ಮಾತ್ರ ಕಳಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅಲ್ಲಿ ಯಾರೇ ಒತ್ತಿದರೂ ನೇರ ಡಾಕ್ಟರ್ ಮುಂದೆ ಬಂದು ಕೂರುತ್ತಾರೆ.

ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ. ಡಾಕ್ಟರ್ ಅಂದ ಕೂಡಲೇ ತಿಂಡಿ ಬಿಡಿಸುವವರು ಜಾಸ್ತಿ, ಅದಕ್ಕೇ ಹೇಳುತ್ತಿದ್ದೇನೆ. ಬೆಳಗ್ಗೆ ಎದ್ದ ಮೇಲೆ ಕಾಫಿಗೂ ಮುಂಚೆ ಗ್ಲುಕೋಮೀಟರ್‌ನಲ್ಲಿ ಒಮ್ಮೆ ಶುಗರ್ ನೋಡಿ, ಆಮೇಲೆ ದಿನಾ ತೆಗೆದುಕೊಳ್ಳುವ ಮಾತ್ರೆ, ತಿಂಡಿ ಎಲ್ಲ ಎಂದಿನಂತೆ. ತಿಂಡಿ ಶುರು ಮಾಡಿದ ಹೊತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ಇನ್ನೊಮ್ಮೆ ನೋಡಿ. 9 ಗಂಟೆಗೆ ತಿಂಡಿಗೆ ಕೂತರೆ 11ಕ್ಕೆ ಸರಿಯಾಗುತ್ತದೆ. ಎರಡನ್ನೂ ಟೈಮ್ ಸಮೇತ ಬರೆದಿಡಿ.

ಬಿಪಿ 10:45ರ ಹೊತ್ತಿಗೆ ನೋಡಿಬಿಡಿ. ಅದಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಫಿ ಬೇಡ, ಎಲೆ ಅಡಿಕೆ ಹೊಗೆಸೊಪ್ಪೂ ಬೇಡ. ಐದು ನಿಮಿಷ ಸುಮ್ನೆ ಕುರ್ಚಿಗೆ ಒರಗಿ ಕೂರಲಿ, ಪಾದ ನೆಲದ ಮೇಲಿರಲಿ, ಕೈ ಎದೆಯ ಎತ್ತರಕ್ಕೆ ಬರುವ ಹಾಗೆ ಮೇಜಿನ ಮೇಲೆ ಇಡಿಸಿ. ಪಟ್ಟಿಯನ್ನು ಸ್ವೆಟರ್ ಮೇಲೆ ಕಟ್ಟಬೇಡಿ, ಬರೀ ತೋಳಿಗೇ ಕಟ್ಟಿ. ಮಷೀನ್ ಓಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಎರಡೂ ನಂಬರ್ ಬರೆಯಿರಿ, ಕಡಿಮೆ ಬಂದದ್ದನ್ನು ಮಾತ್ರ ಹೇಳುವುದು ಬೇಡ.

ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಂದು ತಟ್ಟೆಯಲ್ಲಿ ಇಟ್ಟುಕೊಳ್ಳಿ. "ಬೆಳಗ್ಗೆ ಬಿಳಿದು, ರಾತ್ರಿ ಹಳದಿ" ಅಂದರೆ ಮೇಡಂಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಕತ್ತರಿಸಿ ಹೆಸರು ಹೋದ ತುಂಡಾದರೆ ಮೆಡಿಕಲ್ ಶಾಪಿನ ಬಿಲ್ಲು ಹುಡುಕಿಡಿ. ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ, ನಾಟಿ ಔಷಧಿ, ಕಷಾಯದ ಪುಡಿ, ಅವೂ ಆ ತಟ್ಟೆಗೇ ಬರಲಿ. ಯಾರೂ ಬೈಯುವುದಿಲ್ಲ. ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ತೊಂದರೆ ಕೊಡುತ್ತವೆ, ಬಿಪಿಯನ್ನೂ ಏರಿಸುತ್ತವೆ, ಅದಕ್ಕೇ ಮೇಡಂಗೆ ಗೊತ್ತಿರಬೇಕು. ಹಳೇ ಚೀಟಿ, ಶುಗರ್ ಬರೆಯುವ ಪುಸ್ತಕ, ಒಂದು ಪೆನ್ನು ಹತ್ತಿರವಿರಲಿ.

ರಕ್ತ ಪರೀಕ್ಷೆಯ ರಿಪೋರ್ಟ್ ಮಾತ್ರ ಮಂಗಳವಾರ ಸಂಜೆ 5ರೊಳಗೆ ಇಲ್ಲಿಗೆ ಕಳಿಸಿ. ಮೇಡಂ ಮುಖ್ಯವಾಗಿ ನೋಡುವುದು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮತ್ತು ಕಿಡ್ನಿಯ ಕ್ರಿಯಾಟಿನಿನ್. ಲ್ಯಾಬ್‌ನವರು ಪಿಡಿಎಫ್ ಕೊಟ್ಟಿದ್ದರೆ ಅದೇ ಸಾಕು. ಫೋಟೋ ಆದರೆ ಹಗಲಿನಲ್ಲಿ, ಫ್ಲ್ಯಾಶ್ ಹಾಕದೆ, ಕಾಗದದ ನಾಲ್ಕೂ ಮೂಲೆ ಕಾಣುವ ಹಾಗೆ. ವಿಡಿಯೋ ನಡೆಯುವಾಗ ಕಾಗದ ಹಿಡಿದು ತೋರಿಸಿದರೆ ಅಕ್ಷರ ಕಾಣುವುದಿಲ್ಲ, ಇರುವ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ.

ಇನ್ನೊಂದು, ಪಾದ. ಇದನ್ನು ಮರೆಯಬೇಡಿ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು, ಗಾಯವಾದದ್ದು ಗೊತ್ತೇ ಆಗುವುದಿಲ್ಲ. ಈಗ ಮಳೆಗಾಲ, ಅಮ್ಮ ತೋಟಕ್ಕೆ ಬರಿಗಾಲಲ್ಲಿ ಹೋಗುತ್ತಾರೆ ಅಂತ ಕಳೆದ ಸಲ ನೀವೇ ಹೇಳಿದ್ದಿರಿ. ಉಂಬಳ ಕಚ್ಚಿದ ಜಾಗ ಕೆರೆದು ಹುಣ್ಣಾಗಿದೆಯಾ, ಬೆರಳ ಸಂದಿ ಬೆಳ್ಳಗಾಗಿದೆಯಾ, ಹಿಮ್ಮಡಿ ಬಿರುಕು ಬಿಟ್ಟಿದೆಯಾ, ಬೆಳಗ್ಗೆ ಕಾಲು ತೊಳೆದು ಒರೆಸಿ ಒಮ್ಮೆ ನೋಡಿಡಿ. ಕಿಟಕಿ ಬೆಳಕಿಗೆ ಮುಖ ಮಾಡಿ ಕೂರಿಸಿ, ಬೆಳಕು ಬೆನ್ನಿಗಿದ್ದರೆ ಮುಖವೇ ಕಪ್ಪಾಗಿ ಕಾಣುತ್ತದೆ. ಮಾತು ಮೊದಲು ಅಮ್ಮನೇ ಆಡಲಿ, ನೀವು ಆಮೇಲೆ ಸೇರಿಸಿ.

ಇನ್ನು ನೆಟ್‌ವರ್ಕ್. ನಿಮ್ಮ ಕಡೆ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಮೊಬೈಲ್‌ಗೆ ಕಾಲ್ ಬರುವುದೂ ವೈಫೈ ಮೇಲೇ ಆಗಿದ್ದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಹಾಗಾಗಿ ರಾತ್ರಿಯೇ ಫೋನ್ ಪೂರ್ತಿ ಚಾರ್ಜ್ ಮಾಡಿ, ಮೋಡೆಮ್ಮನ್ನು ಇನ್ವರ್ಟರ್‌ಗೆ ಹಾಕಲು ಆಗುತ್ತದಾ ನೋಡಿ, ವೈಫೈ ಇಲ್ಲದೆ ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಮಂಗಳವಾರವೇ ನೋಡಿಟ್ಟು ಅಮ್ಮನವರ ಕುರ್ಚಿ ಅಲ್ಲಿಗೇ ಹಾಕಿ.

ಮಧ್ಯದಲ್ಲಿ ಕಟ್ ಆದರೆ ಗಾಬರಿ ಬೇಡ, ಅದೇ ಲಿಂಕ್ ಮತ್ತೆ ಒತ್ತಿ, ಮೇಡಂ ಆ ಕಡೆ ಇದ್ದೇ ಇರುತ್ತಾರೆ. ಚಿತ್ರ ನಿಂತು ಮಾತು ಮಾತ್ರ ಕೇಳುತ್ತಿದ್ದರೆ ಕ್ಯಾಮೆರಾ ಆಫ್ ಮಾಡಿ ಮುಂದುವರಿಸಿ. ಐದು ನಿಮಿಷವಾದರೂ ಸೇರಲು ಆಗದಿದ್ದರೆ ನಾವೇ ನಿಮ್ಮ ಮೊಬೈಲ್‌ಗೆ ಮಾಮೂಲಿ ಕಾಲ್ ಮಾಡುತ್ತೇವೆ. ಆಗ ನೀವು ನಮಗೆ ಮಾಡಬೇಡಿ. ಇಬ್ಬರೂ ಒಟ್ಟಿಗೆ ಮಾಡಿದರೆ ಎರಡೂ ಕಡೆ ಬಿಜಿ ಬರುತ್ತದೆ. ನಮ್ಮ ಕಾಲೂ ಸಿಗದಿದ್ದರೆ ಸಿಗ್ನಲ್ ಇರುವ ಕಡೆ ಹೋಗಿ ಇದೇ ನಂಬರ್‌ಗೆ "ಕಟ್ ಆಯಿತು" ಅಂತ ಎಸ್‌ಎಂಎಸ್ ಹಾಕಿ. ಕಾಲ್ ಹೋಗದ ಕಡೆಯಿಂದಲೂ ಕೆಲವೊಮ್ಮೆ ಅದು ಹೋಗುತ್ತದೆ. ಓಪಿಡಿ ಮುಗಿದ ಮೇಲೆ 1:30ಕ್ಕೆ ಮೇಡಂ ನಿಮಗಾಗಿ ಹದಿನೈದು ನಿಮಿಷ ಇಟ್ಟಿರುತ್ತಾರೆ, ಅದಕ್ಕೆ ಬೇರೆ ಫೀಸ್ ಇಲ್ಲ.

ಅರ್ಧ ಕೇಳಿಸಿದ ಮಾತು ನಂಬಿ ಮಾತ್ರೆ ಮಾತ್ರ ಬದಲಿಸಬೇಡಿ. "ಅರ್ಧ ಮಾಡಿ" ಅಂದರೋ "ಅರ್ಧ ಮಾಡಬೇಡಿ" ಅಂದರೋ, ಗೊರಗೊರ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಮೇಡಂ ಸಹಿ, ರಿಜಿಸ್ಟ್ರೇಶನ್ ನಂಬರ್ ಇರುವ ಚೀಟಿ ಸಂಜೆ 4ರೊಳಗೆ ಇಲ್ಲಿಗೇ ಪಿಡಿಎಫ್ ಆಗಿ ಬರುತ್ತದೆ. ಅದು ಬರುವ ತನಕ ಹಳೇ ಚೀಟಿಯೇ ನಡೆಯಲಿ. ಬಾರದಿದ್ದರೆ ಕೇಳಿ.

ಬುಧವಾರದ ತನಕ ಕಾಯಬಾರದ ಸಂಗತಿಗಳೂ ಇವೆ. ಎದೆನೋವು, ಉಸಿರು ಕಟ್ಟುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಇದರಲ್ಲಿ ಯಾವುದಾದರೂ ಕಂಡರೆ ಲಿಂಕು ಪಂಕು ಬಿಟ್ಟು ತಕ್ಷಣ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೆವರು, ಕೈ ನಡುಕ ಬಂದು ಶುಗರ್ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಗಲೂ 70 ದಾಟದಿದ್ದರೆ ಇನ್ನೊಮ್ಮೆ ಕುಡಿಸಿ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಓದಿ ಆದ ಮೇಲೆ "ಸರಿ" ಅಂತ ಒಂದು ರಿಪ್ಲೈ ಹಾಕಿ. ಬುಧವಾರ ಆಗುವುದಿಲ್ಲ ಅಂದರೆ ಮಂಗಳವಾರ ಸಂಜೆಯೊಳಗೆ ಹೇಳಿ, ಶುಕ್ರವಾರಕ್ಕೆ ಹಾಕಿಕೊಡುತ್ತೇನೆ.